ಹಿಂದಿನ ಉತ್ತರ ಮುಂದಿನ ಪ್ರಶ್ನೆಗೆ ಬೇಕಾದಾಗ: ಗಣಿತ ಪ್ರಶ್ನೆಪತ್ರಿಕೆಯನ್ನು ಇಡಿಯಾಗಿ ತಾಳೆ ನೋಡುವ ಬಗೆ

ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಗೆ ಅಂಕೋಲೆಯಲ್ಲಾಗಲಿ ಕುಮಟಾದಲ್ಲಾಗಲಿ ನಾಲ್ಕಾರು ಶಾಲೆಗಳ ಗಣಿತ ಶಿಕ್ಷಕರು ಕೂಡಿ ಪೇಪರ್ ತೆಗೆಯುವಾಗ ಕೆಲಸ ಹಂಚಿಕೊಳ್ಳುವುದು ಸಹಜ. ಎರಡಂಕದ ಪ್ರಶ್ನೆಗಳು ಒಬ್ಬರಿಗೆ, ನಾಲ್ಕಂಕದವು ಇನ್ನೊಬ್ಬರಿಗೆ, ಕೀ ಉತ್ತರ ಮತ್ತೊಬ್ಬರಿಗೆ. ಪ್ರತಿ ಪ್ರಶ್ನೆಯನ್ನೂ ಯಾರಾದರೊಬ್ಬರು ಬಿಡಿಸಿ ನೋಡಿರುತ್ತಾರೆ. ಆದರೂ ಪರೀಕ್ಷೆಯ ದಿನ ತಕರಾರು ಏಳುವುದು ಹೆಚ್ಚಾಗಿ ಒಂದೊಂದೇ ಪ್ರಶ್ನೆಯಲ್ಲಲ್ಲ, ಎರಡು ಪ್ರಶ್ನೆಗಳ ನಡುವೆ. ಮುಂದಿನ ಪ್ರಶ್ನೆಗೆ ಹಿಂದಿನದರ ಉತ್ತರ ಬೇಕು ಎಂದಾದಾಗ ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿದರೆ ಎರಡೂ ಸರಿಯಾಗಿಯೇ ಕಾಣುತ್ತವೆ.

80 ಅಂಕಗಳ, 38 ಪ್ರಶ್ನೆಗಳ ಪತ್ರಿಕೆಯೊಂದರಲ್ಲಿ ಹೀಗೆ ಎರಡು ಪ್ರಶ್ನೆಗಳಿವೆ ಎಂದುಕೊಳ್ಳಿ.

ಪ್ರಶ್ನೆ 22 (2 ಅಂಕ): ಕಾರವಾರದ ಕಡಲಿನಲ್ಲಿರುವ ದೀಪಸ್ತಂಭದಿಂದ 90 ಮೀ ದೂರದಲ್ಲಿರುವ ದೋಣಿಯಿಂದ ನೋಡಿದಾಗ ದೀಪಸ್ತಂಭದ ತುದಿಯ ಉನ್ನತ ಕೋನ 30° ಇದೆ. ದೀಪಸ್ತಂಭದ ಎತ್ತರ ಕಂಡುಹಿಡಿಯಿರಿ.

ಪ್ರಶ್ನೆ 36 (4 ಅಂಕ): ಪ್ರಶ್ನೆ 22ರ ದೀಪಸ್ತಂಭದ ತುದಿಯಿಂದ ನೋಡಿದಾಗ ಎರಡು ದೋಣಿಗಳ ಅವನತ ಕೋನಗಳು 45° ಮತ್ತು 30° ಇವೆ. ದೋಣಿಗಳ ನಡುವಿನ ದೂರ ಎಷ್ಟು?

ಕೀ ಉತ್ತರದಲ್ಲಿ ಮೊದಲನೆಯದಕ್ಕೆ 30√3 ಮೀ, ಅಂದರೆ 51.96 ಮೀ. ಎರಡನೆಯದಕ್ಕೆ 38.04 ಮೀ. ಲೆಕ್ಕದಲ್ಲಿ ತಪ್ಪಿಲ್ಲ. ಆದರೂ ಈ ಜೋಡಿಯನ್ನು ಹೀಗೇ ಅಚ್ಚಿಗೆ ಕಳಿಸುವಂತಿಲ್ಲ. ಏಕೆ ಎಂಬುದನ್ನು ತಾಳೆ ನೋಡುವ ಕ್ರಮದಲ್ಲೇ ಕಾಣೋಣ.

ಮೊದಲು ಕೊಂಡಿಗಳನ್ನು ಗುರುತು ಮಾಡಿ

ಪತ್ರಿಕೆಯ ಒಂದು ಪ್ರತಿ ತೆಗೆದು ಪೆನ್ಸಿಲ್ ಹಿಡಿದು ಕುಳಿತುಕೊಳ್ಳಿ. ಈ ಸುತ್ತಿನಲ್ಲಿ ಯಾವ ಲೆಕ್ಕವನ್ನೂ ಬಿಡಿಸುವುದು ಬೇಡ. ಪ್ರತಿ ಪ್ರಶ್ನೆಯ ಎಡ ಅಂಚಿನಲ್ಲಿ ಅದು ಹೊರಗಿನಿಂದ ಏನನ್ನು ತೆಗೆದುಕೊಳ್ಳುತ್ತದೆ ಎಂದೂ ಬಲ ಅಂಚಿನಲ್ಲಿ ಅದರಿಂದ ಯಾವ ಬೆಲೆ ಹೊರಬರುತ್ತದೆ ಎಂದೂ ಬರೆಯಿರಿ. ಬಹುತೇಕ ಪ್ರಶ್ನೆಗಳ ಎಡ ಅಂಚು ಖಾಲಿಯೇ ಉಳಿಯುತ್ತದೆ. ಖಾಲಿ ಇಲ್ಲದಲ್ಲಿ ಮಾತ್ರ ಕೊನೆಯ ಹಾಳೆಯಲ್ಲಿ ಒಂದು ಸಾಲು ಸೇರಿಸಿ:

ಪ್ರ. 22 → ಎತ್ತರ h, ಮೀಟರ್‌ನಲ್ಲಿ, 30√3 → ಪ್ರ. 36

ಬಾಣದ ಮಧ್ಯದಲ್ಲಿ ಬರೀ ಸಂಖ್ಯೆ ಬರೆದು ಬಿಡಬೇಡಿ. ಯಾವ ಪರಿಮಾಣ, ಯಾವ ಮಾನ, ಯಾವ ರೂಪದಲ್ಲಿ (√3 ಹಾಗೇ ಉಳಿದಿದೆಯೋ, ದಶಮಾಂಶಕ್ಕೆ ಇಳಿದಿದೆಯೋ) ಎಂಬ ಮೂರೂ ಇರಲಿ. ಮುಂದಿನ ಹಂತಗಳೆಲ್ಲ ಈ ಸಾಲನ್ನೇ ಹಿಡಿದು ನಡೆಯುತ್ತವೆ.

‘ಪ್ರಶ್ನೆ 22ರ’ ಎಂದು ಬಾಯಿಬಿಟ್ಟು ಹೇಳಿದ ಕೊಂಡಿ ಸುಲಭವಾಗಿ ಸಿಗುತ್ತದೆ. ಹೇಳದೆ ಇರುವ ಕೊಂಡಿಯೇ ಕಷ್ಟ. ಒಂದೇ ಕೋಷ್ಟಕವನ್ನು ಎರಡು ಕಡೆ ಬಳಸಿರುವುದು, ಒಂದು ಪ್ರಶ್ನೆಯಲ್ಲಿ ಸಾಧಿಸಿದ ಪ್ರಮೇಯ ಇನ್ನೊಂದರ ಸಾಧನೆಗೆ ಬೇಕಾಗಿರುವುದು, ಒಂದೇ ಹೆಸರಿನ ವಸ್ತು ಎರಡು ಕಡೆ ಬಂದಿರುವುದು, ಇವೆಲ್ಲ ಕೊಂಡಿಗಳೇ. ಪ್ರಶ್ನೆ 36ರಲ್ಲಿ ‘ಪ್ರಶ್ನೆ 22ರ’ ಎಂಬ ಮಾತು ಇಲ್ಲದೆ ‘ಕಾರವಾರದ ದೀಪಸ್ತಂಭ 60 ಮೀ ಎತ್ತರವಿದೆ’ ಎಂದಿದ್ದರೂ ಅದು ಕೊಂಡಿಯೇ, ಅದೂ ಹೊಂದದ ಕೊಂಡಿ. ಒಂದೇ ದೀಪಸ್ತಂಭ ಹಿಂದಿನ ಪುಟದಲ್ಲಿ 51.96 ಮೀ, ಮುಂದಿನ ಪುಟದಲ್ಲಿ 60 ಮೀ. ಗಮನವಿಟ್ಟು ಓದುವ ಮಗು ತನ್ನ ಹಿಂದಿನ ಉತ್ತರವೇ ತಪ್ಪಿರಬೇಕೆಂದು ಹೊಡೆದು ಹಾಕುತ್ತದೆ. ಕೊಂಡಿ ಬೇಡವಾದರೆ ಎರಡನೆಯ ಕಡೆ ದೀಪಸ್ತಂಭ ಬಿಟ್ಟು ತೆಂಗಿನ ಮರವನ್ನೋ ಮೊಬೈಲ್ ಟವರನ್ನೋ ತನ್ನಿ.

ದಾಟಿ ಬರುವುದು ಅದೇ ಪರಿಮಾಣವೇ?

ಎರಡೂ ಪ್ರಶ್ನೆಗಳಲ್ಲಿ ‘ಎತ್ತರ’ ಎಂಬ ಪದ ಇದ್ದ ಮಾತ್ರಕ್ಕೆ ಎತ್ತರ ಒಂದೇ ಆಗುವುದಿಲ್ಲ. ಕಾರವಾರದ ಎದುರಿನ ದೀಪಸ್ತಂಭ ನಿಂತಿರುವುದು ದ್ವೀಪದ ಮೇಲೆ, ನೀರಿನ ಮಟ್ಟದಲ್ಲಲ್ಲ. ದೋಣಿಯಿಂದ ಕೋನ ಅಳೆದರೆ ಸಿಗುವುದು ಸಮುದ್ರಮಟ್ಟದಿಂದ ತುದಿಯವರೆಗಿನ ಎತ್ತರ. ‘ದೀಪಸ್ತಂಭದ ಎತ್ತರ’ ಎಂದರೆ ಬುಡದಿಂದ ತುದಿಯವರೆಗೆ ಎಂದು ಮಗು ಅರ್ಥ ಮಾಡಿಕೊಂಡರೆ ಅದರ ತಪ್ಪಲ್ಲ. ಪ್ರಶ್ನೆ 22 ಒಂದೇ ಇದ್ದಿದ್ದರೆ ಈ ಸಂದೇಹದಿಂದ ಹೆಚ್ಚೇನೂ ಕೆಡುತ್ತಿರಲಿಲ್ಲ. ಆದರೆ ಪ್ರಶ್ನೆ 36ರಲ್ಲಿ ತುದಿಯಿಂದ ದೋಣಿಗಳನ್ನು ನೋಡುವಾಗ ಬೇಕಾದದ್ದು ಸಮುದ್ರಮಟ್ಟದಿಂದಲೇ ಅಳೆದ ಎತ್ತರ. ಆದ್ದರಿಂದ ಪ್ರಶ್ನೆ 22ರ ಕೊನೆಯ ವಾಕ್ಯ ಹೀಗಿರಲಿ: ‘ದೀಪಸ್ತಂಭದ ತುದಿ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ?’ 90 ಮೀ ದೂರವನ್ನೂ ‘ತುದಿಯ ನೇರ ಕೆಳಗೆ ಸಮುದ್ರಮಟ್ಟದಲ್ಲಿರುವ ಬಿಂದುವಿನಿಂದ’ ಎಂದು ಬಿಡಿಸಿ ಹೇಳಬೇಕು.

ಪ್ರಶ್ನೆ 36ರಲ್ಲಿ ಇನ್ನೂ ಎರಡು ಮಾತು ಬಿಟ್ಟುಹೋಗಿವೆ. ದೋಣಿಗಳು ದೀಪಸ್ತಂಭದ ಒಂದೇ ಬದಿಗಿವೆಯೋ ಎರಡು ಬದಿಗಿವೆಯೋ ಎಂದು ಹೇಳಿಲ್ಲ. ಒಂದೇ ಬದಿಯಲ್ಲಿ, ಒಂದೇ ಸರಳರೇಖೆಯಲ್ಲಿದ್ದರೆ ಉತ್ತರ 38.04 ಮೀ, ಎದುರುಬದುರಾಗಿದ್ದರೆ 90 + 51.96 = 141.96 ಮೀ. ಎರಡನೆಯ ಲೋಪ ಇನ್ನೂ ಸೂಕ್ಷ್ಮ. 30° ಅವನತ ಕೋನದ ದೋಣಿ ಪ್ರಶ್ನೆ 22ರ ದೋಣಿಯೇ, ಬೇರೆಯೇ? ಎತ್ತರ ಒಂದೇ, ಕೋನವೂ ಒಂದೇ ಆದ್ದರಿಂದ ಅದು 90 ಮೀ ದೂರದಲ್ಲೇ ಇರಬೇಕು. ಪತ್ರಿಕೆ ತೆಗೆದವರಿಗೆ ಇದು ಹೊಳೆಯದೇ ಹೋದರೂ ಮಕ್ಕಳಲ್ಲಿ ಕೆಲವರಿಗೆ ಹೊಳೆಯುತ್ತದೆ. ಹೊಳೆದವರು ಒಂದು ದಾರಿಯಲ್ಲಿ, ಹೊಳೆಯದವರು ಇನ್ನೊಂದು ದಾರಿಯಲ್ಲಿ ಹೋಗುತ್ತಾರೆ. ಆ ಎರಡು ದಾರಿಗಳಿಂದ ಏನಾಗುತ್ತದೆ ಎಂಬುದೇ ಮುಂದಿನ ಹಂತ.

ದಶಮಾಂಶಕ್ಕೆ ಇಳಿಸಿದ ಬೆಲೆಯನ್ನು ಎಲ್ಲ ದಾರಿಗಳಲ್ಲೂ ಓಡಿಸಿ ನೋಡಿ

ಹತ್ತಿರದ ದೋಣಿಯ ಕೋನ 45° ಆದ್ದರಿಂದ ಅದರ ದೂರ h. ದೂರದ ದೋಣಿಯದ್ದು h√3, ಅಥವಾ ನೇರವಾಗಿ 90. ಹೀಗಾಗಿ ಉತ್ತರಕ್ಕೆ ಎರಡು ದಾರಿ:

```
ದಾರಿ 1:  h√3 − h = h(√3 − 1)
ದಾರಿ 2:  90 − h
```

√3 ಹಾಗೇ ಇಟ್ಟರೆ ಎರಡೂ 90 − 30√3 ಆಗಿ ಕೂಡುತ್ತವೆ. ಮಕ್ಕಳು ದಶಮಾಂಶಕ್ಕೆ ಇಳಿಸಿಕೊಂಡರೆ ಕೂಡುವುದಿಲ್ಲ. √3 = 1.73 ಎಂದು ತೆಗೆದುಕೊಂಡವರಿಗೆ h = 51.9. ದಾರಿ 2ರಲ್ಲಿ 38.1 ಮೀ, ದಾರಿ 1ರಲ್ಲಿ 51.9 × 0.73, ಅಂದರೆ ಸುಮಾರು 37.9 ಮೀ. ಅವಸರದಲ್ಲಿ √3 = 1.7 ಎಂದು ಹಾಕಿದ ಮಗುವಿಗೆ h = 51; ದಾರಿ 2ರಲ್ಲಿ 39 ಮೀ, ದಾರಿ 1ರಲ್ಲಿ 35.7 ಮೀ. ಒಂದೇ ಅಂದಾಜು ಬೆಲೆ, ಉತ್ತರಗಳ ನಡುವೆ ಮೂರು ಮೀಟರಿಗೂ ಮಿಕ್ಕಿದ ಅಂತರ.

ಕಾರಣ ಇಷ್ಟೇ. ದಾರಿ 2ರಲ್ಲಿ √3 ಒಂದೇ ಸಲ ಬರುತ್ತದೆ, ಅದೂ ಕಳೆಯುವ ಕಡೆ. ಅದು ಕಡಿಮೆಯಾದರೆ ಉತ್ತರ ಹೆಚ್ಚಾಗುತ್ತದೆ. ದಾರಿ 1ರಲ್ಲಿ √3 ಎರಡು ಸಲ ಗುಣಕವಾಗಿ ಬರುತ್ತದೆ: h ಒಳಗೆ ಒಮ್ಮೆ, ಆವರಣದೊಳಗೆ ಇನ್ನೊಮ್ಮೆ. ಅದು ಕಡಿಮೆಯಾದರೆ ಎರಡು ಕಡೆಯಿಂದಲೂ ಉತ್ತರ ತಗ್ಗುತ್ತದೆ. ಹಿಂದಿನ ಪ್ರಶ್ನೆಯಲ್ಲಿ ಇಳಿಸಿದ ಬೆಲೆಯನ್ನು ಮುಂದಿನ ಪ್ರಶ್ನೆಯಲ್ಲಿ ಮತ್ತೊಂದು ಇಳಿಸಿದ ಬೆಲೆಯಿಂದ ಗುಣಿಸುವಲ್ಲೆಲ್ಲ ಹೀಗೆಯೇ. π ಬಂದ ಕಡೆ ಇದನ್ನು ಮತ್ತೂ ನೋಡಬೇಕು. ಸಿಲಿಂಡರಿನ ಘನಫಲ ಕೇಳುವ ಪ್ರಶ್ನೆಯಲ್ಲಿ 22/7, ಅದೇ ನೀರನ್ನು ಶಂಕುವಿಗೆ ಸುರಿಯುವ ಪ್ರಶ್ನೆಯಲ್ಲಿ 3.14 ಎಂದಿದ್ದರೆ, ಎರಡೂ ಕಡೆ ಒಂದೇ ಇದ್ದಾಗ ಹೊಡೆದುಹೋಗಬೇಕಾದ π ಹೊಡೆದುಹೋಗದೆ ಉಳಿದುಬಿಡುತ್ತದೆ.

ಇದಕ್ಕೆ ಎರಡು ಪರಿಹಾರಗಳಿವೆ. ಒಂದು, √3 = 1.73 ಎಂದು ಎರಡೂ ಪ್ರಶ್ನೆಗಳಲ್ಲಿ ಹೇಳಿ, ಕೀ ಉತ್ತರದಲ್ಲಿ 37.8ರಿಂದ 38.2ರವರೆಗೆ ಒಪ್ಪಬೇಕು ಎಂದು ಬರೆಯುವುದು. ಎತ್ತರವನ್ನು 52 ಎಂದು ಪೂರ್ತಿ ಮಾಡಿಕೊಂಡವರ ಉತ್ತರವೂ ಈ ಮಿತಿಯೊಳಗೇ ಬೀಳುತ್ತದೆ. ಎರಡು, ದಾಟಿಹೋಗುವ ಬೆಲೆ ಪೂರ್ಣಾಂಕವಾಗುವಂತೆ ಪ್ರಶ್ನೆ 22ರ ದತ್ತವನ್ನೇ ಬದಲಿಸುವುದು. 90 ಮೀ ಬದಲು 30√3 ಮೀ ಎಂದು ಕೊಟ್ಟರೆ h = 30 ಮೀ. ಆಗ ಪ್ರಶ್ನೆ 36ರ ಉತ್ತರ 30√3 − 30. √3ಕ್ಕೆ ಬೆಲೆ ಹಾಕುವುದು ಕೊನೆಯಲ್ಲಿ ಒಂದೇ ಸಲ, ಯಾವ ದಾರಿಯಲ್ಲಿ ಹೋದರೂ ಉತ್ತರ ಒಂದೇ. ಎರಡನೆಯ ಪರಿಹಾರವೇ ಮೇಲು. ಒಪ್ಪುವ ಮಿತಿ ಎಂಬುದು ಮೌಲ್ಯಮಾಪನ ಮಾಡುವವರೆಲ್ಲ ಅದನ್ನು ಓದಿದ್ದರೆ ಮಾತ್ರ ಕೆಲಸಕ್ಕೆ ಬರುತ್ತದೆ. ಪೂರ್ಣಾಂಕ ಯಾರು ಓದಲಿ ಬಿಡಲಿ ಕೆಲಸ ಮಾಡುತ್ತದೆ.

ತಪ್ಪು ಉತ್ತರವನ್ನೂ ದಾಟಿಸಿ ನೋಡಬೇಕು

ಸರಿ ಉತ್ತರ ದಾಟಿ ಬಂದಾಗ ಮುಂದಿನ ಪ್ರಶ್ನೆ ನಡೆಯುತ್ತದೆ ಎಂದು ನೋಡಿದರಷ್ಟೇ ಸಾಲದು. ತರಗತಿಯ ಬಹಳಷ್ಟು ಮಕ್ಕಳು ಅಲ್ಲಿಗೆ ತಪ್ಪು ಬೆಲೆಯನ್ನೇ ಹೊತ್ತು ಬರುತ್ತಾರೆ. ಪ್ರಶ್ನೆ 22ರಲ್ಲಿ ಆಗುವ ತಪ್ಪುಗಳು ನಮಗೆಲ್ಲ ಗೊತ್ತಿರುವವೇ. tan 30° = √3 ಎಂದು ಹಾಕಿದರೆ h = 155.88. sin 30° ಬಳಸಿದರೆ h = 45. ಇವೆರಡನ್ನೂ ಪ್ರಶ್ನೆ 36ಕ್ಕೆ ತಂದು ನೋಡಿ.

h = 45 ಆದರೆ ದಾರಿ 1ರಲ್ಲಿ 32.94 ಮೀ, ದಾರಿ 2ರಲ್ಲಿ 45 ಮೀ. h = 155.88 ಆದರೆ ದಾರಿ 1ರಲ್ಲಿ 114.12 ಮೀ, ದಾರಿ 2ರಲ್ಲಿ ‘−65.88 ಮೀ’. ದೂರ ಋಣವಾಗಿ ಬಂದದ್ದನ್ನು ನೋಡಿದ ಮಗು ಹಿಂದೆ ಹೋಗಿ ಪ್ರಶ್ನೆ 22ನ್ನು ತಿದ್ದಿಕೊಳ್ಳಬಹುದು. ಚಿಹ್ನೆಯನ್ನು ಅಳಿಸಿ 65.88 ಎಂದು ಬರೆದುಬಿಡಲೂಬಹುದು; ಅಲ್ಲಿಯೇ ಪೆನ್ನು ಇಟ್ಟು ಕೂತುಬಿಡಲೂಬಹುದು. ಎರಡಂಕದ ಒಂದು ತಪ್ಪು ನಾಲ್ಕಂಕದ ಪ್ರಶ್ನೆಯನ್ನೂ ನುಂಗುವುದು ಹೀಗೆ.

ಕೊಂಡಿ ಉಳಿಸಿಕೊಳ್ಳುವುದಾದರೆ ಅಂಕ ಹಂಚಿಕೆಯಲ್ಲಿ ಇದಕ್ಕೆ ಉತ್ತರ ಇರಬೇಕು. ಪ್ರಶ್ನೆ 36ರ 4 ಅಂಕಗಳನ್ನು ಚಿತ್ರಕ್ಕೆ 1, 45° ಕೋನದಿಂದ ಹತ್ತಿರದ ದೋಣಿಯ ದೂರಕ್ಕೆ 1, 30° ಕೋನದಿಂದ ದೂರದ ದೋಣಿಯ ದೂರಕ್ಕೆ 1, ವ್ಯತ್ಯಾಸ ಮತ್ತು ಮಾನಕ್ಕೆ 1 ಎಂದು ಒಡೆಯಿರಿ. ಕೆಳಗೆ ಒಂದು ಸಾಲು ಸೇರಿಸಿ: ‘ಪ್ರಶ್ನೆ 22ರಲ್ಲಿ ವಿದ್ಯಾರ್ಥಿಗೆ ಬಂದ h ಬೆಲೆಯನ್ನೇ ಬಳಸಿ ಕ್ರಮ ಸರಿಯಿದ್ದರೆ ಪೂರ್ಣ ಅಂಕ.’ ಮೌಲ್ಯಮಾಪಕರು ಪ್ರತಿ ಸಲ ಗುಣಿಸುತ್ತ ಕೂರದಂತೆ, ಮೇಲಿನ ಎರಡು ತಪ್ಪು ಬೆಲೆಗಳಿಗೆ ಬರುವ ಉತ್ತರಗಳನ್ನೂ ಅಲ್ಲೇ ಬರೆದಿಡಿ. ದಾರಿ 1ರದ್ದನ್ನಷ್ಟೇ ಅಲ್ಲ, ದಾರಿ 2ರದ್ದನ್ನೂ.

‘ಎತ್ತರ ಸಿಗದಿದ್ದರೆ 40 ಮೀ ಎಂದು ತೆಗೆದುಕೊಳ್ಳಿ’ ಎಂದು ಪ್ರಶ್ನೆ 36ರಲ್ಲಿ ಸೇರಿಸುವ ರೂಢಿ ಇದೆ. ಒಳ್ಳೆಯ ಉಪಾಯವೇ; ಸರಿ ಉತ್ತರವನ್ನು ಬಿಟ್ಟುಕೊಡದೆ ಮಗುವನ್ನು ಮುಂದೆ ನಡೆಸುತ್ತದೆ. ಆದರೆ ನಮ್ಮ ಜೋಡಿಗೆ ಅದು ಹೊಂದುವುದಿಲ್ಲ. ಎತ್ತರ 40 ಮೀ, ಕೋನ 30° ಆದರೆ ದೂರದ ದೋಣಿ 69.28 ಮೀ ದೂರದಲ್ಲಿರಬೇಕು. ಹಿಂದಿನ ಪುಟದಲ್ಲಿ ಅದು 90 ಮೀ ದೂರದಲ್ಲಿದೆ. 40 ತೆಗೆದುಕೊಂಡ ಮಗುವಿಗೆ ಒಂದು ದಾರಿಯಲ್ಲಿ 29.28, ಇನ್ನೊಂದರಲ್ಲಿ 50. ಬದಲಿ ಬೆಲೆ ಕೊಡಬೇಕೆಂದಿದ್ದರೆ ಹಿಂದಿನ ಪ್ರಶ್ನೆಯ ಬೇರೆ ಯಾವ ದತ್ತವೂ ಮುಂದಿನದರಲ್ಲಿ ಮತ್ತೆ ಕಾಲಿಡಬಾರದು. ಪ್ರಶ್ನೆ 22ನ್ನು ಹಾಗೇ ಬಿಟ್ಟು, ಪ್ರಶ್ನೆ 36ರ 30° ಕೋನವನ್ನು ಮಾತ್ರ 60° ಮಾಡಿ ದೋಣಿಗಳನ್ನು 45° ಮತ್ತು 60°ಗೆ ಬದಲಿಸಿದರೆ 90 ಮೀ ದೋಣಿ ಲೆಕ್ಕದಿಂದ ಹೊರಗೆ ಹೋಗುತ್ತದೆ, ಆಗ 40 ಮೀ ನಿರಪಾಯ.

ಆಯ್ಕೆ ಮತ್ತು ಸೋರಿಕೆ

ಪ್ರಶ್ನೆ 22ಕ್ಕೆ ‘ಅಥವಾ’ ಇದೆಯೇ ನೋಡಿ. ಇದ್ದರೆ ಇನ್ನೊಂದು ಆಯ್ಕೆ ಬರೆದ ಮಗುವಿಗೆ ಎತ್ತರವೇ ಗೊತ್ತಿಲ್ಲ. ಪ್ರಶ್ನೆ 36ಕ್ಕಾಗಿ ಅದು ಅಂಕವಿಲ್ಲದ ಒಂದು ಲೆಕ್ಕವನ್ನು ಹೆಚ್ಚಿಗೆ ಬಿಡಿಸಬೇಕಾಗುತ್ತದೆ. ಪಿಯುಸಿ ಪತ್ರಿಕೆಗಳಲ್ಲಿ ‘ಯಾವುದಾದರೂ ಐದು ಪ್ರಶ್ನೆಗಳಿಗೆ ಉತ್ತರಿಸಿ’ ಎಂಬ ವಿಭಾಗಗಳಿರುವುದರಿಂದ ಅಲ್ಲಿ ಈ ತೊಡಕು ಇನ್ನೂ ಹೆಚ್ಚು. ಇಲ್ಲಿ ಅಪವಾದವೇ ಬೇಡ: ಬೆಲೆ ಕೊಡುವ ಪ್ರಶ್ನೆ ಕಡ್ಡಾಯ ವಿಭಾಗದಲ್ಲೇ ಇರಬೇಕು. ಆಗದಿದ್ದರೆ ಕೊಂಡಿ ಕತ್ತರಿಸಿ.

ಆಯ್ಕೆಯ ತೊಡಕಿಗೆ ಹೆದರಿ ಪ್ರಶ್ನೆ 36ರಲ್ಲಿ ‘52 ಮೀ ಎತ್ತರದ ಈ ದೀಪಸ್ತಂಭದ’ ಎಂದು ಬರೆದರೆ ಉತ್ತರ ಸೋರಿಹೋಗುತ್ತದೆ. ಮೊದಲ 15 ನಿಮಿಷ ಪತ್ರಿಕೆ ಓದಲು ಕೊಡುತ್ತೇವೆ. ಆಗಲೇ ಮಗು 36ನ್ನು ಓದಿ 22ರ ಉತ್ತರವನ್ನು ತಿಳಿದುಕೊಂಡಿರುತ್ತದೆ. ಬೆಲೆಯನ್ನು ಹೇಳಲೇಬೇಕಾದರೆ ಪ್ರಶ್ನೆ 22ರ ರೂಪ ಬದಲಿಸಿ: ‘ಎತ್ತರ 30√3 ಮೀ ಎಂದು ತೋರಿಸಿ.’ ಆಗ ಎರಡು ಅಂಕಗಳೂ ಚಿತ್ರಕ್ಕೆ ಮತ್ತು ಕ್ರಮಕ್ಕೆ ಹೋಗಬೇಕು. ಕೊನೆಯ ಸಾಲಿಗೆ ಅಂಕ ಇಡಬೇಡಿ. ಬಹುಆಯ್ಕೆ ಪ್ರಶ್ನೆಯ ಉತ್ತರವನ್ನಂತೂ ಮುಂದೆ ಎಲ್ಲಿಯೂ ದತ್ತವಾಗಿ ಕೊಡಬೇಡಿ. ಅಲ್ಲಿ ಕ್ರಮಕ್ಕೆ ಅಂಕವಿಲ್ಲ. ಸೋರಿದರೆ ಪ್ರಶ್ನೆ ಪೂರ್ತಿ ಹೋಯಿತು.

ಸೂತ್ರಗಳೇ ಒಪ್ಪದ ಕೊಂಡಿ

ಸಂಖ್ಯಾಶಾಸ್ತ್ರದಲ್ಲಿ ಬೇರೊಂದು ಬಗೆಯ ತೊಡಕು ಬರುತ್ತದೆ. ತದಡಿ ಬಂದರಿನ 40 ದೋಣಿಗಳ ಒಂದು ದಿನದ ಮೀನಿನ ತೂಕ ಎಂದು ಕೋಷ್ಟಕ ಕೊಟ್ಟಿದ್ದೇವೆ ಎಂದುಕೊಳ್ಳಿ:

| ತೂಕ (ಕೆಜಿ) | 0–20 | 20–40 | 40–60 | 60–80 | 80–100 |
|---|---|---|---|---|---|
| ದೋಣಿಗಳು | 6 | 8 | 12 | 9 | 5 |

ಪ್ರಶ್ನೆ 27 ಮಧ್ಯಾಂಕ ಕೇಳುತ್ತದೆ, ಉತ್ತರ 50. ಪ್ರಶ್ನೆ 33: ‘ಇದೇ ಕೋಷ್ಟಕದ ಸರಾಸರಿ ಕಂಡುಹಿಡಿದು, ಪ್ರಶ್ನೆ 27ರ ಮಧ್ಯಾಂಕದ ನೆರವಿನಿಂದ ಬಹುಲಕ ಕಂಡುಹಿಡಿಯಿರಿ.’ ಸರಾಸರಿ 49.5. 3 ಮಧ್ಯಾಂಕ = ಬಹುಲಕ + 2 ಸರಾಸರಿ ಎಂಬ ಸಂಬಂಧದಿಂದ ಬಹುಲಕ 150 − 99 = 51. ಆದರೆ ಬಹುಲಕದ ಸೂತ್ರವನ್ನೇ ನೇರವಾಗಿ ಹಾಕಿದರೆ 40 + (4/7) × 20 = 51.43. ಎರಡರಲ್ಲಿ ಯಾವುದೂ ಕೈತಪ್ಪಿನಿಂದ ಬಂದದ್ದಲ್ಲ. ಆ ಸಂಬಂಧ ಅಂದಾಜಿನದು. ದತ್ತಾಂಶ ಒಂದು ಬದಿಗೆ ವಾಲಿದಷ್ಟೂ ಎರಡು ಉತ್ತರಗಳು ದೂರ ಸರಿಯಬಹುದು. ಕೀ ಉತ್ತರದಲ್ಲಿ 51 ಮಾತ್ರ ಇದ್ದರೆ, ಸೂತ್ರ ಚೆನ್ನಾಗಿ ಬಲ್ಲ ಮಗುವಿಗೆ ಅಂಕ ಹೋಗುತ್ತದೆ. ಕೊಂಡಿ ಉಳಿಸಿಕೊಳ್ಳುವುದಾದರೆ ಪ್ರಶ್ನೆಯಲ್ಲಿ ಯಾವ ಸಂಬಂಧ ಬಳಸಬೇಕು ಎಂಬುದನ್ನೇ ಬರೆಯುವುದು ಇಲ್ಲಿ ಏಕೈಕ ದಾರಿ.

ಕೋಷ್ಟಕವನ್ನು 6, 8, 12, 8, 6 ಎಂದು ಸಮಮಾಡಿಬಿಟ್ಟರೆ ಮೂರೂ ಬೆಲೆಗಳು 50 ಆಗಿ ಜಗಳ ತೀರುತ್ತದಲ್ಲ ಎನ್ನಿಸಬಹುದು. ತೀರುತ್ತದೆ, ಆದರೆ ಆಗ ಸರಾಸರಿಯನ್ನೇ ಬಹುಲಕ ಎಂದು ಬರೆದವರಿಗೂ 50 ಬರುತ್ತದೆ. ಕಲಿತವರನ್ನೂ ಕಲಿಯದವರನ್ನೂ ಬೇರ್ಪಡಿಸದ ಪ್ರಶ್ನೆ ಪತ್ರಿಕೆಯಲ್ಲಿ ಇದ್ದು ಪ್ರಯೋಜನವಿಲ್ಲ.

ತಪ್ಪು ಬೆಲೆಯ ಪರೀಕ್ಷೆಯನ್ನು ಇಲ್ಲಿಯೂ ಮಾಡಿ. ಮಧ್ಯಾಂಕದಲ್ಲಿ ಮಕ್ಕಳು ಸಾಮಾನ್ಯವಾಗಿ ಮಾಡುವ ತಪ್ಪು, ಹಿಂದಿನ ವರ್ಗಾಂತರದ ಸಂಚಿತ ಆವೃತ್ತಿ 14 ಹಾಕುವ ಬದಲು ಅದೇ ವರ್ಗಾಂತರದ 26 ಹಾಕುವುದು. ಆಗ ಮಧ್ಯಾಂಕ 30, ಬಹುಲಕ 90 − 99 = −9 ಕೆಜಿ. ಋಣ ತೂಕದ ಮೀನು! ಇಂಥ ಉತ್ತರ ಬಂದ ಮಗು ಕಂಗಾಲಾಗುತ್ತದೆ. ಈ ಜೋಡಿಯಲ್ಲಿ ಪ್ರಶ್ನೆ 33ಕ್ಕೆ ಬೇರೆ ಕೋಷ್ಟಕದ ಸರಾಸರಿ, ಮಧ್ಯಾಂಕಗಳನ್ನು ದತ್ತವಾಗಿ ಕೊಟ್ಟು ಕೊಂಡಿ ಬಿಡಿಸುವುದೇ ಸರಿ.

ಕೊನೆ ಗಳಿಗೆಯ ತಿದ್ದುಪಡಿ

ಇಷ್ಟೆಲ್ಲ ನೋಡಿದ ಮೇಲೆಯೂ ಪತ್ರಿಕೆ ಕೆಡುವುದು ಡಿಟಿಪಿಗೆ ಹೋದ ಮೇಲೆ. ‘90 ಮೀ ಕಳೆದ ವರ್ಷವೂ ಇತ್ತು, 60 ಮಾಡಿ’ ಎಂದು ಒಬ್ಬರು ಫೋನಿನಲ್ಲಿ ಹೇಳುತ್ತಾರೆ. 22ರಲ್ಲಿ ತಿದ್ದುಪಡಿಯಾಗುತ್ತದೆ, 22ರ ಕೀ ಉತ್ತರ 20√3 ಆಗುತ್ತದೆ. 36ರ ಪಠ್ಯದಲ್ಲಿ 90 ಎಂಬ ಸಂಖ್ಯೆಯೇ ಇಲ್ಲ, ಹಾಗಾಗಿ ಅಲ್ಲಿ ತಿದ್ದಬೇಕು ಎಂದು ಯಾರಿಗೂ ತೋರುವುದಿಲ್ಲ. ಅದರ ಕೀ ಉತ್ತರ 25.36 ಆಗಬೇಕಿದ್ದದ್ದು 38.04 ಆಗಿಯೇ ಉಳಿಯುತ್ತದೆ. ಮೊದಲ ಹಂತದಲ್ಲಿ ಬರೆದ ಬಾಣದ ಸಾಲುಗಳು ಕೆಲಸಕ್ಕೆ ಬರುವುದು ಈಗ. ಯಾವ ಪ್ರಶ್ನೆಯಲ್ಲಿ ಒಂದು ಅಂಕಿ ಬದಲಾದರೂ ಆ ಪ್ರಶ್ನೆಯಿಂದ ಹೊರಟ ಬಾಣಗಳ ತುದಿಯವರೆಗೆ ಹೋಗಿ ಮತ್ತೆ ಬಿಡಿಸಿ.

ಪ್ರಶ್ನೆಯ ಕ್ರಮಸಂಖ್ಯೆಗೂ ಇದೇ ಮಾತು. 19ನೆಯ ಪ್ರಶ್ನೆ ಮೂರಂಕದ ವಿಭಾಗಕ್ಕೆ ಹೋಯಿತೆಂದರೆ 22 ಎಂಬುದು 21 ಆಗುತ್ತದೆ, ಆದರೆ ‘ಪ್ರಶ್ನೆ 22ರ ದೀಪಸ್ತಂಭ’ ಎಂಬ ಮಾತು ಹಾಗೇ ಉಳಿಯುತ್ತದೆ. ಸಂಖ್ಯೆ ಹೇಳುವುದರ ಜೊತೆಗೆ ‘ದೋಣಿ ಮತ್ತು ದೀಪಸ್ತಂಭದ ಪ್ರಶ್ನೆ’ ಎಂದೂ ಬರೆದರೆ ಸಂಖ್ಯೆ ತಪ್ಪಿದರೂ ಮಗು ದಾರಿ ತಪ್ಪುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಒಂದೇ ಪತ್ರಿಕೆ ಕನ್ನಡ, ಇಂಗ್ಲಿಷ್ ಮಾತ್ರವಲ್ಲದೆ ಭಟ್ಕಳದ ಕಡೆ ಉರ್ದುವಿಗೂ ಹಳಿಯಾಳ, ಜೋಯಿಡಾ ಕಡೆ ಮರಾಠಿಗೂ ಹೋಗಬೇಕಾಗಬಹುದು. ತಿದ್ದುಪಡಿ ಒಂದು ಭಾಷೆಯಲ್ಲಿ ಆಗಿ ಇನ್ನೊಂದರಲ್ಲಿ ಆಗದೆ ಉಳಿಯುವುದು ಇಲ್ಲಿಯೇ. ಎಲ್ಲ ಆವೃತ್ತಿಗಳನ್ನೂ ಪಕ್ಕಪಕ್ಕ ಇಟ್ಟು, ಕೊಂಡಿಯಿರುವ ಪ್ರಶ್ನೆಗಳ ಸಂಖ್ಯೆಗಳನ್ನು ಒಬ್ಬರು ಗಟ್ಟಿಯಾಗಿ ಓದಬೇಕು, ಉಳಿದವರು ತಮ್ಮ ತಮ್ಮ ಪ್ರತಿಯಲ್ಲಿ ಬೆರಳಿಟ್ಟು ನೋಡಬೇಕು. ಭಾಷೆ ಬಾರದಿದ್ದರೂ ಅಂಕಿ, ಕೋನ, ಅಕ್ಷರಗುರುತುಗಳನ್ನು ಯಾರೂ ಹೋಲಿಸಬಹುದು.

ಎರಡು ಓದು

ಪ್ರೂಫ್ ಬಂದ ಮೇಲೆ, ಪತ್ರಿಕೆ ತೆಗೆಯುವುದರಲ್ಲಿ ಇಲ್ಲದ ಒಬ್ಬ ಗಣಿತ ಶಿಕ್ಷಕರಿಗೆ ಕೀ ಉತ್ತರ ಕೊಡದೆ ಪತ್ರಿಕೆಯನ್ನು ಮಾತ್ರ ಕೊಡಿ. ಗೋಪ್ಯತೆಯ ದೃಷ್ಟಿಯಿಂದ ಅವರು ಯಾರೆಂದು ಮೊದಲೇ ಗೊತ್ತುಮಾಡಿಕೊಳ್ಳಿ, ಪತ್ರಿಕೆ ಅವರ ಮನೆಗೆ ಹೋಗುವುದು ಬೇಡ. ಅವರು 1ರಿಂದ 38ರವರೆಗೆ ಮಕ್ಕಳು ಬರೆಯುವ ಕ್ರಮದಲ್ಲೇ ಬಿಡಿಸಲಿ. ಕೊಂಡಿಯಿರುವ ಕಡೆ ಅವರು ಹಿಂದಿನ ಪುಟ ತಿರುವಿದರೇ, ಯಾವ ಬೆಲೆ ಎತ್ತಿಕೊಂಡರು, ಎಲ್ಲಿ ತಡೆದರು ಎಂದು ಅವರ ಹಾಳೆಯಲ್ಲೇ ಗೊತ್ತಾಗುತ್ತದೆ. ಅವರು ಕೇಳಿದ ಪ್ರಶ್ನೆಗೆ ಬಾಯಲ್ಲಿ ಉತ್ತರ ಕೊಟ್ಟು ಸುಮ್ಮನಾಗಬೇಡಿ. ಆ ಉತ್ತರ ಪ್ರಶ್ನೆಯ ಪಠ್ಯದೊಳಗೇ ಹೋಗಬೇಕು, ಯಾಕೆಂದರೆ ಪರೀಕ್ಷಾ ಕೊಠಡಿಯಲ್ಲಿ ಅದನ್ನು ಹೇಳಲು ನೀವಿರುವುದಿಲ್ಲ.

ಎರಡನೆಯ ಓದು ಹಿಂದಿನಿಂದ. ಕೊಂಡಿ ತೆಗೆದುಕೊಳ್ಳುವ ಪ್ರಶ್ನೆಯನ್ನು ಮಾತ್ರ ಎದುರಿಗಿಟ್ಟು, ಕೀ ಉತ್ತರದಿಂದ ಹಿಮ್ಮುಖವಾಗಿ ನಡೆಯಿರಿ. 90 − 30√3 ಬರಬೇಕಾದರೆ h ಎಷ್ಟಿರಬೇಕು? 30√3. ಈಗ ಪ್ರಶ್ನೆ 22 ತೆರೆದು ಅಲ್ಲಿ ಅದೇ ಬರುತ್ತದೆಯೇ ನೋಡಿ. ಮುಮ್ಮುಖವಾಗಿ ಓದುವಾಗ ಕಣ್ಣು ತಾನು ನಿರೀಕ್ಷಿಸಿದ್ದನ್ನೇ ಓದಿಬಿಡುತ್ತದೆ. ಹಿಮ್ಮುಖ ಲೆಕ್ಕದಲ್ಲಿ ನಿರೀಕ್ಷೆಗೆ ಎಡೆಯಿಲ್ಲ. ಕೊಂಡಿಗಳು ಪತ್ರಿಕೆಯಲ್ಲಿ ಮೂರ್ನಾಲ್ಕಕ್ಕಿಂತ ಹೆಚ್ಚು ಇರುವುದಿಲ್ಲವಾದ್ದರಿಂದ ಇದಕ್ಕೆ ಹೆಚ್ಚು ಹೊತ್ತೂ ಬೇಕಿಲ್ಲ.

ಅಚ್ಚಾದ ಮೇಲೆ ತಪ್ಪು ಸಿಕ್ಕರೆ, ಲಕೋಟೆ ಒಡೆಯುವ ಮುನ್ನ ಪ್ರತಿ ಕೇಂದ್ರಕ್ಕೂ ಒಂದೇ ಪಠ್ಯದ ತಿದ್ದುಪಡಿ ಚೀಟಿ ಹೋಗಬೇಕು. ಕೊಠಡಿಯಲ್ಲಿ ಅದನ್ನು ಕಪ್ಪುಹಲಗೆಯ ಮೇಲೆ ಬರೆಯಬೇಕು, ಬರೀ ಹೇಳಿದರೆ ಆಗದು. ತಿದ್ದುಪಡಿ ಹಿಂದಿನ ಪ್ರಶ್ನೆಯದ್ದಾಗಿದ್ದರೆ ಮುಂದಿನ ಪ್ರಶ್ನೆಯ ಸಂಖ್ಯೆಯನ್ನೂ ಅದರಲ್ಲಿ ನಮೂದಿಸಿ, ಇಲ್ಲವಾದರೆ ಆಗಲೇ 36ನ್ನು ಬರೆದಿಟ್ಟ ಮಗು ಅದನ್ನು ತಿರುಗಿ ನೋಡುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಗೊತ್ತಾದರೆ ಮೌಲ್ಯಮಾಪನ ಶುರುವಾಗುವ ಮೊದಲು ಅಂಕ ಹಂಚಿಕೆ ತಿದ್ದಿ: ಪ್ರಶ್ನೆಯ ಪಠ್ಯ ಅನುಮತಿಸುವ ಪ್ರತಿ ಅರ್ಥಕ್ಕೂ ಅದರದರ ಉತ್ತರ ಬರೆದು, ಎಲ್ಲಕ್ಕೂ ಸಮಾನ ಅಂಕ ಎಂದು ನಮೂದಿಸಿ. ನಮ್ಮ ಪ್ರಶ್ನೆ 36 ಹಾಗೇ ಅಚ್ಚಾಗಿ ಹೋಗಿದ್ದರೆ 38.04 ಮತ್ತು 141.96 ಎರಡೂ ಆ ಪಟ್ಟಿಯಲ್ಲಿರಬೇಕು.